ಖಾತೆಯಲ್ಲಿ ದುಡ್ಡಿದ್ದರೂ ಯುಪಿಐ ಫೇಲ್ ಆಗುತ್ತಿದೆಯೇ?

ಬ್ಯಾಲೆನ್ಸ್ ಸಾಕಷ್ಟಿದ್ದೂ ಪೇಮೆಂಟ್ ಫೇಲ್ ಆದರೆ ಮತ್ತೆ ಮತ್ತೆ ಒತ್ತಬೇಡಿ, ಮೊದಲು ಸ್ಕ್ರೀನ್ ಮೇಲಿನ ಎರರ್ ಕೋಡ್ ನೋಡಿ. Z9 ಅಂದರೆ ನಿಜಕ್ಕೂ ಹಣ ಸಾಲದು. Z8 ಅಂದರೆ ನಿಮ್ಮ ಬ್ಯಾಂಕ್ ಇಟ್ಟಿರುವ ಮೊತ್ತದ ಮಿತಿ ದಾಟಿದೆ, Z7 ಅಂದರೆ ವಹಿವಾಟುಗಳ ಸಂಖ್ಯೆ ಮೀರಿದೆ.

ಒಬ್ಬರಿಂದ ಒಬ್ಬರಿಗೆ ಕಳಿಸಲು ಸಾಮಾನ್ಯ ಮಿತಿ ದಿನಕ್ಕೆ ₹1 ಲಕ್ಷ. ಕೆಲವು ಬ್ಯಾಂಕ್‌ಗಳು ಇದಕ್ಕಿಂತ ಕಡಿಮೆ ಇಟ್ಟಿವೆ. ಬ್ಯಾಂಕಿನ ಈ ಲೆಕ್ಕ ಖಾತೆಯ ಮೇಲೆ ನಡೆಯುವುದರಿಂದ ಅದೇ ಖಾತೆಯನ್ನು ಬೇರೆ ಆ್ಯಪ್‌ನಲ್ಲಿ ಹಾಕಿದರೂ ಪ್ರಯೋಜನವಿಲ್ಲ.

ಹೆಚ್ಚಿನವರು ಎಡವುವುದು ‘ದಿನ’ದ ಲೆಕ್ಕದಲ್ಲಿ. ಹಲವು ಬ್ಯಾಂಕ್‌ಗಳು ಮಧ್ಯರಾತ್ರಿಗೆ ಹೊಸ ಲೆಕ್ಕ ಶುರು ಮಾಡುವುದಿಲ್ಲ, ಹಿಂದಿನ 24 ಗಂಟೆಗಳನ್ನು ಕೂಡುತ್ತವೆ. ನಿನ್ನೆ ಮಧ್ಯಾಹ್ನ 3ಕ್ಕೆ ₹70,000 ಕಳಿಸಿದ್ದರೆ ಇಂದು ಬೆಳಿಗ್ಗೆ 11ಕ್ಕೆ ₹40,000 ಹೋಗುವುದಿಲ್ಲ, ₹30,000 ಹೋಗುತ್ತದೆ. 3 ಗಂಟೆ ದಾಟಿದ ಮೇಲೆ ಉಳಿದದ್ದನ್ನು ಕಳಿಸಿ.

ಹೊಸ ಫೋನ್ ಅಥವಾ ಸಿಮ್ ಹಾಕಿ ಯುಪಿಐ ಮತ್ತೆ ನೋಂದಾಯಿಸಿದ್ದರೆ ಮೊದಲ 24 ಗಂಟೆ ಸಾಮಾನ್ಯವಾಗಿ ₹5,000 ಮಾತ್ರ. ಫೀಸಿನಂಥ ದೊಡ್ಡ ಮೊತ್ತ ಕಟ್ಟಬೇಕಾದ ಕೊನೆಯ ದಿನ ಫೋನ್ ಬದಲಿಸಲೇಬೇಡಿ.

ತುರ್ತಿದ್ದರೆ ನೆಟ್‌ಬ್ಯಾಂಕಿಂಗ್‌ನಲ್ಲಿ ನೆಫ್ಟ್ ಮಾಡಿ, ಅದಕ್ಕೆ ಯುಪಿಐ ಮಿತಿ ಅನ್ವಯಿಸದು, ದಿನದ 24 ಗಂಟೆಯೂ ನಡೆಯುತ್ತದೆ. ಆದರೆ ಹಣ ಪಡೆಯುವವರ ಖಾತೆಯನ್ನು ಹೊಸದಾಗಿ ಸೇರಿಸಿದ್ದರೆ ಅದಕ್ಕೆ ಕೆಲವು ಬ್ಯಾಂಕ್‌ಗಳು ಮೊದಲ ಕೆಲವು ಗಂಟೆ ದೊಡ್ಡ ಮೊತ್ತ ಬಿಡುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಸೇರಿಸಿಡಿ.