ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ‘ಸ್ಪಷ್ಟವಾಗಿ ಕಾಣಲಿಲ್ಲ’ ಎಂದಾಗ ನಾನು ಮಾಡುವುದು: ನನ್ನ ಅನುಭವ

ಅನಾಮಲಿ ಸ್ಕ್ಯಾನ್‌ನಲ್ಲಿ ಒಂದು ಅಂಗ ಸ್ಪಷ್ಟವಾಗಿ ಕಾಣದಿದ್ದರೆ ಗರ್ಭಿಣಿಯನ್ನು ಮತ್ತೊಮ್ಮೆ ಕರೆಸಿ, ಎರಡನೇ ಸಲ ಶುಲ್ಕ ತೆಗೆದುಕೊಳ್ಳದೆ ನೋಡುತ್ತೇನೆ ಎಂದಾಗ ನಮ್ಮ ಊರಿನ ಸಹೋದ್ಯೋಗಿಗಳು ನಕ್ಕಿದ್ದರು. “ಮತ್ತೆ ಬನ್ನಿ ಅಂದ್ರೆ ಡಾಕ್ಟರಿಗೆ ಸ್ಕ್ಯಾನ್ ಬರಲ್ಲ ಅಂದ್ಕೊಂಡು ಬೇರೆ ಸೆಂಟರಿಗೆ ಹೋಗ್ತಾರೆ” ಎಂಬುದು ಅವರ ವಾದವಾಗಿತ್ತು. ನಾಲ್ಕೈದು ವರ್ಷಗಳಾದ ಮೇಲೆ ಅದೇ ಸಹೋದ್ಯೋಗಿಗಳು ತಮಗೆ ಕಷ್ಟವೆನಿಸಿದ ಪ್ರಕರಣಗಳನ್ನು ನನ್ನ ಬಳಿಗೆ ಕಳುಹಿಸುತ್ತಿದ್ದಾರೆ.

ತಲೆ, ಮುಖ, ಬೆನ್ನುಹುರಿ, ಹೃದಯ, ಡಯಾಫ್ರಾಮ್, ಹೊಟ್ಟೆ, ಮೂತ್ರಪಿಂಡ, ಮೂತ್ರಕೋಶ, ಕೈಕಾಲು, ಹೊಕ್ಕುಳಬಳ್ಳಿ, ಮಾಸು, ಮಗುವಿನ ಸುತ್ತಲಿನ ನೀರು ಎಂಬ ಪಟ್ಟಿ ನಿಮಗೆಲ್ಲ ಗೊತ್ತಿರುವುದೇ. ತೊಂದರೆ ಕೊಡುವುದು ಹೆಚ್ಚಾಗಿ ಹೃದಯ, ಮುಖ ಮತ್ತು ಬೆನ್ನುಹುರಿ, ಅದೂ ಮಗು ಮಲಗಿರುವ ಭಂಗಿಯಿಂದ. ಬೆನ್ನು ಪ್ರೋಬ್‌ನ ಕಡೆಗಿದ್ದರೆ ಬೆನ್ನುಹುರಿ, ಮೂತ್ರಪಿಂಡಗಳು ಚೆನ್ನಾಗಿ ಕಾಣುತ್ತವೆ, ಆದರೆ ಬೆನ್ನೆಲುಬು ಮತ್ತು ಪಕ್ಕೆಲುಬುಗಳ ನೆರಳು ಹೃದಯದ ಮೇಲೆ ಬೀಳುತ್ತದೆ. ಬೆನ್ನು ಕೆಳಗಾದರೆ ಹೃದಯ, ಮುಖ ಸಿಗುತ್ತವೆ, ಬೆನ್ನುಹುರಿಯ ಮೇಲಿನ ಚರ್ಮದ ಗೆರೆ ಸಿಗುವುದಿಲ್ಲ. ಹಾಗಾಗಿ ಮಗುವಿನ ಬೆನ್ನು ಪಕ್ಕಕ್ಕೆ ಅಥವಾ ಕೆಳಗೆ ಇದ್ದರೆ ಬೇರೆಲ್ಲವನ್ನೂ ಬಿಟ್ಟು ಮೊದಲು ಹೃದಯವನ್ನೇ ಮುಗಿಸಿಕೊಳ್ಳುತ್ತೇನೆ, ಏಕೆಂದರೆ ಹತ್ತು ನಿಮಿಷದಲ್ಲಿ ಮಗು ಹೊರಳಿದರೆ ಆ ಅವಕಾಶ ಹೋಯಿತು.

ಕಾಣದಿದ್ದರೆ ತಾಯಿಯನ್ನು ಎಡಕ್ಕೆ, ಬಲಕ್ಕೆ ಹೊರಳಿಸಿ, ಮೂತ್ರಕೋಶ ಖಾಲಿ ಮಾಡಿಸಿ, ಅರ್ಧ ಗಂಟೆ ಓಡಾಡಿ ಬರಲು ಹೇಳುತ್ತೇನೆ. ತಣ್ಣೀರು, ಸಿಹಿ ಜ್ಯೂಸ್, ಚಾಕೊಲೇಟ್‌ಗಳನ್ನು ಒಂದಷ್ಟು ತಿಂಗಳು ಪ್ರಯೋಗಿಸಿ ನೋಡಿದೆ. ನಡಿಗೆಗಿಂತ ಹೆಚ್ಚಿನದೇನೂ ಅವುಗಳಿಂದ ಆಗಲಿಲ್ಲ, ಜ್ಯೂಸಿನ ಬಿಲ್ ಮಾತ್ರ ಬೆಳೆಯಿತು. ತಲೆ ಕೆಳಗೆ ಸೊಂಟದ ಗುಳಿಯಲ್ಲಿ ಸಿಕ್ಕಿಕೊಂಡಿದ್ದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಮೆದುಳನ್ನು ಚೆನ್ನಾಗಿ ತೋರಿಸುತ್ತದೆ. ಹೊಟ್ಟೆಯ ಕೊಬ್ಬು ದಪ್ಪಗಿರುವವರಲ್ಲಿ ಪ್ರೋಬನ್ನು ಎಲ್ಲಿಟ್ಟು ಹೇಗೆ ಒತ್ತಬೇಕು ಎಂಬುದನ್ನು ಬರೆದು ಕಲಿಸಲಾಗದು, ಬಂದು ನೋಡುವವರಿಗೆ ತೋರಿಸುತ್ತೇನೆ.

ಜಠರ ಅಥವಾ ಮೂತ್ರಕೋಶ ಒಂದು ಕ್ಷಣ ಕಾಣದಿದ್ದ ಮಾತ್ರಕ್ಕೆ ಗಾಬರಿ ಬೇಡ. ಮೂತ್ರಕೋಶ ತುಂಬುತ್ತ ಖಾಲಿಯಾಗುತ್ತ ಇರುತ್ತದೆ, ಆ ಅರ್ಧ ಗಂಟೆಯ ನಡಿಗೆಯಲ್ಲೇ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಎರಡನೇ ಭೇಟಿಯಲ್ಲೂ ಜಠರ ಕಾಣದಿದ್ದರೆ, ಅದರಲ್ಲೂ ನೀರು ಹೆಚ್ಚಿದ್ದರೆ, ಅನ್ನನಾಳದ ತಡೆಯನ್ನು ಯೋಚಿಸಬೇಕು.

ಈಗ ಹಣದ ಮಾತು. ನಮ್ಮಲ್ಲಿ ಶುಲ್ಕ ಸುಮಾರು 2,000 ರೂಪಾಯಿ. ನನ್ನ ನೆನಪಿನ ಲೆಕ್ಕದಲ್ಲಿ ನೂರರಲ್ಲಿ ಹನ್ನೆರಡು ಹದಿನೈದು ಜನರನ್ನು ಮತ್ತೆ ಕರೆಯುತ್ತೇನೆ, ಮತ್ತು ಬಹುಪಾಲು ಮಂದಿಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಗರ್ಭಿಣಿಯರ ಸ್ಕ್ಯಾನ್‌ಗೆ ಕಾನೂನು ಕೇಳುವ ಫಾರ್ಮ್ ಎಫ್ ಮತ್ತೆ ತುಂಬಬೇಕು, ಒಂದು ಸ್ಲಾಟ್ ಹೋಗುತ್ತದೆ, ಮೊದಲ ವರ್ಷ ಈ ನಷ್ಟ ಚೆನ್ನಾಗಿಯೇ ತಟ್ಟಿತು. ಆಮೇಲೆ ಮೊದಲ ಸ್ಕ್ಯಾನ್ ಅನ್ನೇ 18ರ ಬದಲು 19–20 ವಾರಕ್ಕೆ ಕೊಡತೊಡಗಿದೆ, ಮರುಕರೆಗಳು ಕಣ್ಣಿಗೆ ಕಾಣುವಷ್ಟು ಇಳಿದವು. 20 ವಾರ ದಾಟಿಸಿ ಮೊದಲ ಸ್ಕ್ಯಾನ್ ಇಡುವುದಕ್ಕೆ ನಾನು ಒಪ್ಪುವುದಿಲ್ಲ. 24 ವಾರ ಕಳೆದ ಮೇಲೆ ಗಂಭೀರ ವೈಕಲ್ಯ ಕಂಡರೆ ಗರ್ಭಪಾತದ ನಿರ್ಧಾರ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕಾಗುತ್ತದೆ, ಅಷ್ಟರೊಳಗೆ ಮರುಸ್ಕ್ಯಾನ್, ಮಗುವಿನ ಹೃದಯವನ್ನೇ ವಿವರವಾಗಿ ನೋಡುವ ಫೀಟಲ್ ಎಕೊ, ಬೇಕಾದರೆ ಗರ್ಭದ ನೀರು ತೆಗೆದು ಪರೀಕ್ಷಿಸುವ ಆಮ್ನಿಯೋಸೆಂಟೆಸಿಸ್ ಎಲ್ಲವೂ ಮುಗಿಯಬೇಕು.

ಅನುಮಾನಿಸಿದವರ ಬಾಯಿ ಮುಚ್ಚಿಸಿದ ಪ್ರಕರಣ ಇದು. ಎರಡನೇ ಬಸುರಿ, ಹಿಂದೆ ಸಿಸೇರಿಯನ್ ಆಗಿತ್ತು, 19 ವಾರ ದಾಟಿತ್ತು, ಮಗುವಿನ ಬೆನ್ನು ನೇರ ಮೇಲಕ್ಕಿತ್ತು. ಮೆದುಳಿನ ಪಾರ್ಶ್ವ ಕುಹರ ಆರು ಮಿಲಿಮೀಟರಿನಷ್ಟು, ಅಂದರೆ ಸರಿಯಾಗಿಯೇ ಇತ್ತು, ಉಳಿದ ಅಂಗಗಳೂ ಚೆನ್ನಾಗಿದ್ದವು. ನಡೆದು ಬಂದ ಮೇಲೆ ಹೃದಯದ ನಾಲ್ಕು ಕೋಣೆಗಳು ಕಂಡವು, ಹೊರಡುವ ನಾಳಗಳು ಕಾಣಲೇ ಇಲ್ಲ. “ಅಂದ್ರೆ ಮಗೂಗೆ ಏನೋ ತೊಂದ್ರೆ ಇದೆಯಾ ಡಾಕ್ಟ್ರೇ?” ಎಂದು ಅತ್ತೆ ಕೇಳಿದರು. ಕಾಣದಿರುವುದಕ್ಕೆ ಮಗು ಮಲಗಿರುವ ರೀತಿ ಕಾರಣ, ತೊಂದರೆ ಇದೆ ಎಂದೂ ಇಲ್ಲವೆಂದೂ ಇವತ್ತು ಹೇಳಲಾಗದು ಎಂದೆ. ವರದಿಯಲ್ಲಿ ‘ಹೃದಯ: ನೋಡಲಾಗಿಲ್ಲ’ ಎಂದು ಬಿಡದೆ, ಯಾವ ನೋಟ ಸಿಕ್ಕಿತು, ಯಾವುದು ಸಿಗಲಿಲ್ಲ, ಏಕೆ, ಯಾವ ವಾರದೊಳಗೆ ಮತ್ತೆ ನೋಡಬೇಕು ಎಂದು ಬರೆದು, ತಾರೀಕನ್ನು ಅಲ್ಲೇ ಕೊಟ್ಟೆ.

21ನೇ ವಾರದಲ್ಲಿ ಮಗು ತಿರುಗಿತ್ತು. ಮಹಾಪಧಮನಿಯೂ ಪಲ್ಮನರಿ ಅಪಧಮನಿಯೂ ಒಂದನ್ನೊಂದು ಅಡ್ಡ ದಾಟಬೇಕಾದಲ್ಲಿ ಅಕ್ಕಪಕ್ಕದಲ್ಲಿ ಸಮಾನಾಂತರವಾಗಿ ಹೊರಟಿದ್ದವು, ಅಂದರೆ ನಾಳಗಳು ಅದಲುಬದಲಾಗಿದ್ದವು. ಈ ದೋಷದಲ್ಲಿ ನಾಲ್ಕು ಕೋಣೆಯ ನೋಟ ಸಾಮಾನ್ಯವಾಗಿಯೇ ಕಾಣುವುದರಿಂದ, ಅಷ್ಟಕ್ಕೇ ‘ಹೃದಯ ಸಹಜ’ ಎಂದು ಬರೆಯುವವರಿಗೆ ಇದು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಫೀಟಲ್ ಎಕೊ ಅದನ್ನೇ ದೃಢಪಡಿಸಿತು. ಹೃದಯ ಶಸ್ತ್ರಚಿಕಿತ್ಸೆ ಇರುವ ಕಡೆಯೇ ಹೆರಿಗೆ ಮಾಡಿಸಿ, ಹುಟ್ಟಿದ ಕೂಡಲೇ ಆ ಎರಡು ನಾಳಗಳನ್ನು ಜೋಡಿಸುವ ಡಕ್ಟಸ್ ಮುಚ್ಚದಂತೆ ಪ್ರೊಸ್ಟಗ್ಲಾಂಡಿನ್ ಕೊಟ್ಟು, ಕೆಲವೇ ದಿನಗಳಲ್ಲಿ ನಾಳಗಳನ್ನು ಅದಲುಬದಲು ಮಾಡುವ ಶಸ್ತ್ರಚಿಕಿತ್ಸೆ ನಡೆಸಿದರು.

ಎರಡನೇ ಸಲವೂ ಕಾಣದವರು ನನ್ನಲ್ಲೂ ಇದ್ದಾರೆ, ಹೆಚ್ಚಾಗಿ ದಪ್ಪ ಹೊಟ್ಟೆ, ಹಳೆಯ ಸಿಸೇರಿಯನ್ ಗಾಯದ ಗುರುತು, ಕಡಿಮೆ ನೀರು ಒಟ್ಟಿಗೆ ಸೇರಿದವರು. ಅವರನ್ನು ಮೂರನೇ ಸಲ ಕರೆದು ವಾರ ಕಳೆಯುವುದಿಲ್ಲ. ಹೃದಯವಾದರೆ ನೇರವಾಗಿ ಫೀಟಲ್ ಎಕೊಗೆ, ಉಳಿದವಾದರೆ ಫೀಟಲ್ ಮೆಡಿಸಿನ್ ತಜ್ಞರಿಗೆ, ನನ್ನ ಎರಡೂ ವರದಿಗಳ ಜೊತೆಗೆ ಅದೇ ದಿನ ಪತ್ರ ಬರೆದು ಕಳುಹಿಸುತ್ತೇನೆ.