ಗೋದಾಮಿನ ನೆಲ: ಬಿರುಕಿಗೆ ಮೊದಲೇ ಗೆರೆ ಹಾಕಿಕೊಡಿ

ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಕೆಳಗಿನ ನೆಲ ಅದನ್ನು ಸರಾಗವಾಗಿ ಜಾರಲು ಬಿಡುವುದಿಲ್ಲ, ಹಾಗಾಗಿ ಎಲ್ಲೋ ಒಂದು ಕಡೆ ಸೀಳಲೇಬೇಕು. ಆ ಸೀಳು ಎಲ್ಲಿರಬೇಕೆಂದು ನಾವೇ ಹೇಳುವುದು ಜಾಯಿಂಟ್.

24 ಮೀಟರ್ ಅಗಲ, 40 ಮೀಟರ್ ಉದ್ದ, 8 ಮೀಟರಿಗೊಂದು ಕಂಬ, 150 ಮಿ.ಮೀ. ದಪ್ಪದ ನೆಲ ಎಂದಿಟ್ಟುಕೊಳ್ಳಿ. ಜಾಯಿಂಟ್‌ಗಳ ಅಂತರ ದಪ್ಪದ 24ರಿಂದ 30 ಪಟ್ಟು, ಅಂದರೆ 3.6ರಿಂದ 4.5 ಮೀಟರ್ ಇರಲಿ. ಇಲ್ಲಿ 4 ಮೀಟರ್ ಹಿಡಿದರೆ ಗೆರೆಗಳು ಕಂಬದ ಸಾಲಿಗೇ ಬೀಳುತ್ತವೆ, ಗೆರೆಗಳ ನಡುವಿನ ಅಂಕಣಗಳೂ ಚೌಕವಾಗುತ್ತವೆ. ಉದ್ದ ಅಗಲದ ಒಂದೂವರೆ ಪಟ್ಟು ದಾಟಿದ ಅಂಕಣ ನಡುವೆ ಬಿರಿಯುವ ಸಾಧ್ಯತೆ ಹೆಚ್ಚು. ಕಂಬದ ಸುತ್ತ ಡೈಮಂಡ್ ಆಕಾರದ ಜಾಗ ಬಿಟ್ಟು, ಅದರ ಮೂಲೆಗಳನ್ನು ಜಾಯಿಂಟ್ ಗೆರೆಗೆ ಸೇರಿಸಿ, ಅಂಚಿಗೆ ಫೋಮ್ ಪಟ್ಟಿ ಇಡಿ. ಕಂಬಕ್ಕೇ ಕಾಂಕ್ರೀಟ್ ಅಂಟಿಸಿದರೆ ಅದರ ಮೂಲೆಯಿಂದಲೇ ಓರೆ ಬಿರುಕು ಹೊರಡುತ್ತದೆ.

ಕಾಂಕ್ರೀಟ್ ಹಾಕಿ ಮಟ್ಟ ಮಾಡಿದ ಮೇಲೆ ಕಾಯಬೇಕು. ಮೇಲೆದ್ದ ನೀರು ಹೋಗಿ, ಕಾಲಿಟ್ಟರೆ ಹೆಜ್ಜೆ 3ರಿಂದ 5 ಮಿ.ಮೀ. ಮಾತ್ರ ಇಳಿಯುವಾಗ ಮೇಲ್ಮೈ ನಯ ಮಾಡುವ ಯಂತ್ರ, ಪವರ್ ಫ್ಲೋಟರ್ ಇಳಿಸಿ. ಮೊದಲು ಡಿಸ್ಕ್, ಆಮೇಲೆ ಬ್ಲೇಡು. ಬ್ಲೇಡನ್ನು ಮೊದಲ ಸುತ್ತಿನಲ್ಲಿ ಚಪ್ಪಟೆಯಾಗಿಟ್ಟು, ನೆಲ ಗಟ್ಟಿಯಾದಂತೆ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗಿ. ಅವಸರಪಟ್ಟರೆ ಮೇಲ್ಪದರ ಮುಚ್ಚಿಕೊಂಡು, ಕೆಳಗಿನ ನೀರು ಮತ್ತು ಗಾಳಿ ಸಿಕ್ಕಿಬೀಳುತ್ತವೆ. ಅಲ್ಲಿ ಗುಳ್ಳೆ ಏಳುತ್ತದೆ, ಮುಂದೆ ಹಪ್ಪಳದಂತೆ ಪದರ ಕಳಚುತ್ತದೆ. ನೀರು ಹೀರಲೆಂದು ಒಣ ಸಿಮೆಂಟ್ ಉದುರಿಸುವ ಮೇಸ್ತ್ರಿಯನ್ನು ಅಲ್ಲೇ ತಡೆಯಿರಿ.

ಹೆಚ್ಚಿನ ಅಡ್ಡಾದಿಡ್ಡಿ ಬಿರುಕಿಗೆ ಕಾರಣ ಜಾಯಿಂಟ್ ಗೆರೆಯ ತಡವಾದ ಕಟಿಂಗ್. ಬೆಳಿಗ್ಗೆ ಹಾಕಿದ ನೆಲವನ್ನು ಬಿಸಿಲುಗಾಲದಲ್ಲಿ ಅದೇ ಸಂಜೆಯೇ ಕತ್ತರಿಸಬೇಕಾಗಬಹುದು. ಕಟರಿನವನು ಮರುದಿನ ಬರುವಷ್ಟರಲ್ಲಿ ಬಿರುಕು ತನ್ನ ದಾರಿ ಹಿಡಿದಿರುತ್ತದೆ. ಸ್ವಲ್ಪ ಉದ್ದ ಕತ್ತರಿಸಿ ನೋಡಿ: ಅಂಚಿನ ಜಲ್ಲಿ ಕಿತ್ತುಬಂದರೆ ಇನ್ನೂ ಸಮಯವಾಗಿಲ್ಲ; ಬ್ಲೇಡಿನ ಮುಂದೆಯೇ ಬಿರುಕು ಓಡಿದರೆ ತಡವಾಯಿತು. ಆಳ ದಪ್ಪದ ಕಾಲು ಭಾಗ, ಇಲ್ಲಿ ಸುಮಾರು 40 ಮಿ.ಮೀ. ಬರೀ 15 ಮಿ.ಮೀ. ಗೀರಿದರೆ ಬಿರುಕು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಅಂಚು ಮೇಲೇಳುವ ರೋಗ. ನೆಲದ ಮೇಲ್ಭಾಗ ಗಾಳಿಗೆ ಒಣಗುತ್ತದೆ, ತಳ ಒದ್ದೆಯಾಗಿಯೇ ಇರುತ್ತದೆ. ಮೇಲ್ಭಾಗ ಹೆಚ್ಚು ಕುಗ್ಗಿ, ಒಣಗಿದ ಎಲೆಯಂತೆ ಅಂಕಣದ ಮೂಲೆಗಳು ಏಳುತ್ತವೆ. ಸುತ್ತಿಗೆಯಿಂದ ತಟ್ಟಿದರೆ ಮೂಲೆಯಲ್ಲಿ ಟೊಳ್ಳು ಸದ್ದು ಬರುತ್ತದೆ. ಫೋರ್ಕ್‌ಲಿಫ್ಟ್ ಹಾಯ್ದಾಗ ಅಲ್ಲಿ ಸಣ್ಣಗೆ ಕುಲುಕುತ್ತದೆ. ಕೆಳಗೆ ಆಧಾರವಿಲ್ಲದ ಮೂಲೆ ಭಾರಕ್ಕೆ ಮುರಿಯುತ್ತದೆ. ಕಾಂಕ್ರೀಟಿಗೆ ಸೈಟಿನಲ್ಲಿ ನೀರು ಬೆರೆಸಿದಷ್ಟೂ, ಅಂಕಣ ದೊಡ್ಡದಾದಷ್ಟೂ ಇದು ಹೆಚ್ಚು. ಏಳು ದಿನ ಒದ್ದೆ ಗೋಣಿಯ ಕ್ಯೂರಿಂಗ್ ಮೇಲ್ಮೈಗೆ ಬಲ ಕೊಡುತ್ತದೆ, ಒಣಗುವುದನ್ನು ಮುಂದೂಡುತ್ತದೆ. ಆದರೆ ಹೆಚ್ಚು ನೀರು ಬೆರೆಸಿದ ಮಿಶ್ರಣ ಕುಗ್ಗುವುದನ್ನು ಕ್ಯೂರಿಂಗ್ ತಪ್ಪಿಸದು.

ಈಗಾಗಲೇ ಎದ್ದಿದ್ದರೆ ಮೂಲೆಯಲ್ಲಿ ತೂತು ಕೊರೆದು, ಟೊಳ್ಳಿಗೆ ಸಿಮೆಂಟ್ ಗ್ರೌಟ್ ತುಂಬಿಸಿ, ಅದು ಗಟ್ಟಿಯಾದ ಮೇಲೆ ಎದ್ದ ಅಂಚನ್ನು ಗ್ರೈಂಡರಿನಿಂದ ಉಜ್ಜಿ. ಜಾಯಿಂಟಿಗೆ ಫಿಲ್ಲರ್ ತುಂಬಲು ಆದಷ್ಟು ದಿನ ತಡೆಯಿರಿ. ಗೆರೆ ತಿಂಗಳುಗಟ್ಟಲೆ ಅಗಲವಾಗುತ್ತಲೇ ಇರುತ್ತದೆ, ಬೇಗ ತುಂಬಿದ್ದು ಒಂದು ಬದಿಯಿಂದ ಬಿಟ್ಟುಕೊಳ್ಳುತ್ತದೆ.