ಶೇಡರ್‌ನಲ್ಲಿ ಚರ್ಮ: ನನ್ನ ಪಾತ್ರದ ಮುಖದಿಂದ ಮೇಣ ಇಳಿಸಿದ್ದು

ಮೊದಲ ಸಲ ನಾನು ಮಾಡಿದ್ದು ಸುಲಭದ ರ್‍ಯಾಪ್ ಲೈಟಿಂಗ್. `N·L`ಗೆ 0.5 ಸೇರಿಸಿ 1.5ರಿಂದ ಭಾಗಿಸಿದೆ. ನೆರಳಿನ ಅಂಚು ಮೆತ್ತಗಾಯಿತು, ಆದರೆ ಮುಖವೆಲ್ಲ ಒಳಗಿನಿಂದ ದೀಪ ಹಚ್ಚಿದ ಹಾಗೆ ಬೆಳಗುತ್ತಿತ್ತು. ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಈ ಸೂತ್ರದಲ್ಲಿ ಒಂದು ಗೋಳದ ಮೇಲೆ ಹರಡುವ ಒಟ್ಟು ಬೆಳಕು ಲ್ಯಾಂಬರ್ಟ್‌ಗಿಂತ ಒಂದೂವರೆ ಪಟ್ಟು. ಚರ್ಮ ಬೆಳಕನ್ನು ಹರಡುತ್ತದೆ, ಹುಟ್ಟಿಸುವುದಿಲ್ಲ ಅಲ್ವಾ? ಸೇರಿಸಿದ ಆ 0.5 ಅನ್ನು `w` ಎಂದು ಕರೆದರೆ, `(1 + w)`ರ ವರ್ಗದಿಂದ ಭಾಗಿಸಿದಾಗ ಮೊತ್ತ ಸರಿಹೋಗುತ್ತದೆ.

ಚರ್ಮದೊಳಗೆ ಕೆಂಪು ಬೆಳಕು ಹಸಿರು, ನೀಲಿಗಿಂತ ಜಾಸ್ತಿ ದೂರ ಹೋಗುತ್ತದೆ. ಹಾಗಾಗಿ ಮೂರು ಬಣ್ಣಕ್ಕೂ ಬೇರೆ ಬೇರೆ `w` ಕೊಟ್ಟೆ: 0.40, 0.15, 0.10. ಆಗ ಹಣೆ ಹಸಿರು-ನೀಲಿ ತಿರುಗಿತು! ಬೆಳಕಿಗೆ ನೇರವಾಗಿರುವ ಕಡೆ ಕೆಂಪು 0.71ಕ್ಕೆ ಇಳಿದಿತ್ತು, ನೀಲಿ 0.91ರಲ್ಲೇ ಇತ್ತು. ಮೂಗಿನ ತುದಿಯಂಥ ಸಣ್ಣ ಉಬ್ಬಿನಲ್ಲಿ ಕೆಂಪು ಪಕ್ಕಕ್ಕೆ ಸೋರುವುದು ಸಹಜ. ಚಪ್ಪಟೆ ಹಣೆಯಲ್ಲಿ ಅಷ್ಟು ಸೋರುವುದಿಲ್ಲ. ಆದ್ದರಿಂದ ಮೇಲ್ಮೈಯ ಬಾಗನ್ನು ಒಂದು ಟೆಕ್ಸ್ಚರ್‌ಗೆ ಬೇಕ್ ಮಾಡಿ `w`ಗೆ ಗುಣಿಸಿದೆ. ಮೂಗಿನ ಹೊಳ್ಳೆಗೆ 1, ಹಣೆಗೆ 0.2. ಛಾಯೆ ಹೋಯಿತು.

```hlsl
float3 w = curv * float3(0.40, 0.15, 0.10);
float3 d = float3(dot(Nr, L), dot(Ng, L), dot(Nb, L));
float3 diff = saturate((d + w) / ((1 + w) * (1 + w)));
```

ಇಷ್ಟಾದರೂ ಮುಖ ಮೇಣದ ಗೊಂಬೆಯಂತೆಯೇ ಇತ್ತು. ಬೆಳಕು ಮೆತ್ತಗಾಗಲಿ ಎಂದು ನಾನು ನಾರ್ಮಲ್ ಮ್ಯಾಪನ್ನೇ ಬ್ಲರ್ ಮಾಡಿದ್ದೆ, ಅದೇ ಮ್ಯಾಪು ಸ್ಪೆಕ್ಯುಲರ್‌ಗೂ ಹೋಗುತ್ತಿತ್ತು. ಆದರೆ ಹೊಳಪು ಚರ್ಮದ ಮೇಲ್ಪದರದಲ್ಲೇ ತಿರುಗಿ ಬರುವ ಬೆಳಕು. ಅದು ಒಳಗೆ ಹೋಗಿ ಹರಡುವುದೇ ಇಲ್ಲ. ಹೊಳಪಿಗೆ ಪೂರ್ತಿ ಚೂಪಾದ ನಾರ್ಮಲ್ ಕೊಟ್ಟು `F0` ಅನ್ನು 0.028ಕ್ಕೆ ಇಟ್ಟ ಮೇಲೆ ರಂಧ್ರಗಳು ಕಾಣಿಸಿಕೊಂಡವು. ಡಿಫ್ಯೂಸ್‌ನಲ್ಲಿ ಕೆಂಪಿಗೆ ಹೆಚ್ಚು ಬ್ಲರ್ ಆದ `Nr`, ಹಸಿರಿಗೆ ನಡುವಿನ `Ng`, ನೀಲಿಗೆ ಬಹುತೇಕ ಮೂಲ ನಾರ್ಮಲ್ ಆದ `Nb`. ನನ್ನ ಅನಿಸಿಕೆಯಲ್ಲಿ, ಮೇಣ ಕಳೆಯಲು ಇದರಷ್ಟು ಕೆಲಸ ಬೇರೇನೂ ಮಾಡಲಿಲ್ಲ.

ಮೂಗಿನ ಹೊಳ್ಳೆಯ ಒಳಗೆ ಮಾತ್ರ ಇನ್ನೂ ಕೆಂಪು ಕೆಂಡ ಉಳಿದಿತ್ತು. ಶ್ಯಾಡೋ ಮ್ಯಾಪ್ ರ್‍ಯಾಪ್ ಆದ ಭಾಗವನ್ನು ಕತ್ತರಿಸುತ್ತದೆ ಎಂದು ಅಲ್ಲಿ ನೆರಳನ್ನೇ ತೆಗೆದುಹಾಕಿದ್ದೆ. ನೆರಳನ್ನು ವಾಪಸ್ ತಂದು, ಅದನ್ನು ಓದುವ ಜಾಗವನ್ನು ನಾರ್ಮಲ್ ದಿಕ್ಕಿನಲ್ಲಿ ಸ್ವಲ್ಪ ಹೊರಗೆ ತಳ್ಳಿದೆ. ಕೆಂಡ ಆರಿತು, ಅಂಚಿನ ಕೆಂಪೂ ಉಳಿಯಿತು.

ಈಗ ಪ್ರತಿ ಬದಲಾವಣೆಯ ಮೇಲೂ ಬಣ್ಣದ ಟೆಕ್ಸ್ಚರ್ ತೆಗೆದು, ಬರೀ ಬೂದು ಹಾಕಿ, ಒಂದೇ ದೀಪವನ್ನು ಮುಖದ ಸುತ್ತ ತಿರುಗಿಸಿ ನೋಡುತ್ತೇನೆ. ಕೆಂಪು ನೆರಳಿನ ಅಂಚಿನಲ್ಲಿ ತೆಳ್ಳಗೆ ಕಂಡರೆ ಸರಿ. ಕೆನ್ನೆಯ ನಡುವೆ ಕಂಡರೆ `w` ಜಾಸ್ತಿಯಾಗಿದೆ. ಹಿಂದಿನಿಂದ ಬೆಳಕು ಬಿದ್ದಾಗ ಕಿವಿ ಕೆಂಪಾಗುವುದು ಈ ವಿಧಾನದಲ್ಲಿ ಬರುವುದಿಲ್ಲ. ಅದಕ್ಕೆ ದಪ್ಪ ಎಷ್ಟೆಂದು ಹೇಳುವ ಬೇರೆ ಮ್ಯಾಪ್ ಬೇಕು.